ರೂಪಾಯಿಯಲ್ಲೇ ಬರೆಯೋದಾ, ಲಕ್ಷದಲ್ಲಾ, ಕೋಟಿಯಲ್ಲಾ? ಜೀರ್ಣೋದ್ಧಾರದ ಬಜೆಟ್ ಪಟ್ಟಿ ಮಾಡುವವರಿಗೆ

ಕುಂಬಳೆ, ಬದಿಯಡ್ಕ, ಮಂಜೇಶ್ವರ ಕಡೆ ವರ್ಷಕ್ಕೆ ಎಷ್ಟೋ ದೇವಸ್ಥಾನಗಳ ಜೀರ್ಣೋದ್ಧಾರ ನಡೆಯುತ್ತದೆ. ಪ್ರತಿಯೊಂದಕ್ಕೂ ಒಂದು ಸಮಿತಿ, ಒಂದು ಮನವಿ ಪತ್ರ, ಆ ಮನವಿ ಪತ್ರದ ಒಳಪುಟದಲ್ಲಿ ಒಂದು ಅಂದಾಜು ಪಟ್ಟಿ. ಎಲ್ಲರೂ ಓದುವುದು ಆ ಪಟ್ಟಿಯನ್ನೇ. ಆದರೆ ಅದರಲ್ಲಿ ಒಂದು ಸಾಲು ‘68.5 ಲಕ್ಷ’, ಅದರ ಕೆಳಗೆ ‘4133400/-’, ಅದರ ಕೆಳಗೆ ‘30 ಲಕ್ಷ’, ಕೊನೆಗೆ ‘ಒಟ್ಟು 1.44 ಕೋಟಿ’. ಕೂಡಿಸಿ ನೋಡೋಣ ಅಂದರೆ ಪೆನ್ನು ಹಿಡಿದು ಮೊದಲು ಎಲ್ಲವನ್ನೂ ಒಂದೇ ಅಳತೆಗೆ ತರಬೇಕು. ಯಾರೂ ತರುವುದಿಲ್ಲ, ‘ಲೆಕ್ಕ ಎಂಥದ್ದೋ ಸರಿ ಇಲ್ಲ’ ಅಂತ ಹೇಳಿ ಮುಂದೆ ಹೋಗುತ್ತಾರೆ.

ಆಯ್ಕೆ ಇರುವುದು ಮೂರು. ಪೂರ್ತಿ ರೂಪಾಯಿ, ಲಕ್ಷ, ಕೋಟಿ. ಸಾವಿರದಲ್ಲಿ ಬರೆಯುವ ಪದ್ಧತಿಯೂ ಇದೆ, ಆದರೆ ನಮ್ಮ ಊರ ಸಮಿತಿಗಳಲ್ಲಿ ‘14369 ಸಾವಿರ’ ಅಂತ ಯಾರೂ ಓದುವುದಿಲ್ಲ, ಅದನ್ನು ಬಿಡೋಣ. ಉಳಿದ ಮೂರರಲ್ಲಿ ಯಾವುದು ಎಲ್ಲಿಗೆ ಹೊಂದುತ್ತದೆ ಅಂತ ಒಂದು ಪಟ್ಟಿಯನ್ನೇ ಇಟ್ಟುಕೊಂಡು ನೋಡುವುದು ಒಳ್ಳೆಯದು. ಇದು ಉದಾಹರಣೆಗೆ ನಾನು ಮಾಡಿಕೊಂಡ ಪಟ್ಟಿ, ಯಾವ ದೇವಸ್ಥಾನದ್ದೂ ಅಲ್ಲ.

| ಕೆಲಸ | ₹ | ₹ ಲಕ್ಷ | ₹ ಕೋಟಿ |
|---|---:|---:|---:|
| ಗರ್ಭಗುಡಿ, ಕಲ್ಲಿನ ಕೆಲಸ | 68,47,600 | 68.48 | 0.68 |
| ಮರದ ಕೆಲಸ, ತಾಮ್ರದ ಹೊದಿಕೆ | 41,33,400 | 41.33 | 0.41 |
| ಸುತ್ತುಪೌಳಿ | 29,64,800 | 29.65 | 0.30 |
| ಬಾವಿ, ನೀರು, ವಿದ್ಯುತ್ | 3,74,400 | 3.74 | 0.04 |
| ಮನವಿ ಪತ್ರ, ಅಂಚೆ, ಕಚೇರಿ | 48,400 | 0.48 | 0.00 |
| ಒಟ್ಟು | 1,43,68,600 | 143.69 | 1.44 |

ಕೋಟಿಯ ಕಾಲಂ ನೋಡಿ. ಕಚೇರಿ ಖರ್ಚು 48,400 ರೂಪಾಯಿ ಇದ್ದದ್ದು 0.00 ಆಗಿ ಮಾಯವಾಗಿದೆ. ಓದುವವನಿಗೆ ಅದು ಖರ್ಚೇ ಇಲ್ಲದ ಸಾಲು. ಬಾವಿ ಮತ್ತು ವಿದ್ಯುತ್ತಿನ ಮೂರೂಮುಕ್ಕಾಲು ಲಕ್ಷದ ಹತ್ತಿರದ ಮೊತ್ತ 0.04 ಆಗಿದೆ, ಅಂದರೆ ನಾಲ್ಕು ಲಕ್ಷ. ಸುಮ್ನೆ ಇಪ್ಪತ್ತೈದು ಸಾವಿರ ಸೇರಿಹೋಯಿತು. ಹೀಗೇಕೆ ಆಗುತ್ತದೆ ಅಂದರೆ, ಕೋಟಿಯಲ್ಲಿ ಬರೆದಾಗ ಪಾಯಿಂಟ್ ನಂತರದ ಎರಡು ಅಂಕಿ ಲಕ್ಷಗಳನ್ನು ತೋರಿಸುತ್ತವೆ. ಒಂದು ಲಕ್ಷಕ್ಕಿಂತ ಚಿಕ್ಕದು ಏನಿದ್ದರೂ ಆ ಕಾಲಂಗೆ ಕಾಣುವುದೇ ಇಲ್ಲ.

ಲಕ್ಷದಲ್ಲಿ ಬರೆದಾಗ ಅದೇ ಎರಡು ಅಂಕಿ ಸಾವಿರಗಳನ್ನು ತೋರಿಸುತ್ತವೆ. ಊರಿನ ಒಂದು ಕಟ್ಟಡದ ಅಂದಾಜಿಗೆ ಸಾವಿರದವರೆಗೆ ಕಂಡರೆ ಬೇಕಾದಷ್ಟಾಯಿತು.

ಹಾಗಾಗಿ ಯಾವ ಅಳತೆ ಅಂತ ತೀರ್ಮಾನ ಮಾಡುವಾಗ ಒಟ್ಟು ಮೊತ್ತವನ್ನು ನೋಡಬೇಡಿ, ಪಟ್ಟಿಯ ಅತಿ ಚಿಕ್ಕ ಸಾಲನ್ನು ನೋಡಿ. ಎಲ್ಲರೂ ಇದನ್ನು ಉಲ್ಟಾ ಮಾಡುತ್ತಾರೆ. ಒಟ್ಟು ಕೋಟಿ ದಾಟಿತು ಅಂದ ಕೂಡಲೇ ಪಟ್ಟಿಯನ್ನೂ ಕೋಟಿಗೆ ಏರಿಸುವುದು ಒಂದು ಹುಮ್ಮಸ್ಸು. ಕೇಂದ್ರ ಬಜೆಟ್ಟಿನ ಪಟ್ಟಿಗಳು ಕೋಟಿ ರೂಪಾಯಿಗಳಲ್ಲಿ ಇರುತ್ತವೆ ನಿಜ, ಅಲ್ಲಿ ಸಾಲುಗಳೇ ನೂರಾರು, ಸಾವಿರಾರು ಕೋಟಿಯವು. ನಮ್ಮ ಪಟ್ಟಿಯಲ್ಲಿ ಅಂಚೆ ಖರ್ಚೂ ಒಂದು ಸಾಲು. ಚಿಕ್ಕ ಸಾಲು ಆ ಅಳತೆಯಲ್ಲಿ ಬರೆದ ಮೇಲೂ ಸೊನ್ನೆ ಅಲ್ಲದ ಎರಡು ಅಂಕಿಗಳಾದರೂ ಉಳಿಯಬೇಕು. 0.48 ಸಾಕು. 0.04 ಸಾಲದು.

ಈಗ ಪೂರ್ತಿ ರೂಪಾಯಿ. ಇದರಲ್ಲಿ ಏನೂ ಕಳೆದುಹೋಗುವುದಿಲ್ಲ, ಕೂಡಿಸಿದರೆ ತಾಳೆಯಾಗುತ್ತದೆ, ಆಡಿಟರಿಗೂ ಇದೇ ಬೇಕು. ಖರ್ಚಾದ ಮೇಲೆ ಕೊಡುವ ಲೆಕ್ಕಕ್ಕೆ, ಅಂದರೆ ಮಹಾಸಭೆಯಲ್ಲಿ ಕೋಶಾಧಿಕಾರಿ ಓದುವ ಆಯವ್ಯಯಕ್ಕೆ, ಪೂರ್ತಿ ರೂಪಾಯಿಯೇ ಸರಿ. ಬಿಲ್ಲಿನ ಮೊತ್ತಕ್ಕೂ ಪಟ್ಟಿಯ ಮೊತ್ತಕ್ಕೂ ಅಂಕಿ ಅಂಕಿ ಹೊಂದಬೇಕು ತಾನೇ. ಆದರೆ ಅಂದಾಜು ಪಟ್ಟಿಯಲ್ಲಿ ಅದರಿಂದ ಎರಡು ತೊಂದರೆ ಇವೆ. ಒಂದು, ಎಂಟು ಅಂಕಿಗಳ ಸಂಖ್ಯೆಗಳು ಸಾಲಾಗಿ ನಿಂತರೆ ಕಣ್ಣಿಗೆ ಯಾವುದು ದೊಡ್ಡದು ಯಾವುದು ಸಣ್ಣದು ಅಂತ ಬೇಗ ತಿಳಿಯುವುದಿಲ್ಲ, ಮೊಬೈಲಲ್ಲಿ ಓದುವವರಿಗಂತೂ ಇನ್ನೂ ಕಷ್ಟ. ಎರಡನೆಯದು ಸ್ವಲ್ಪ ಸೂಕ್ಷ್ಮ. ಕಲ್ಲಿನ ಕೆಲಸಕ್ಕೆ 68,47,600 ಅಂತ ಆರುನೂರು ರೂಪಾಯಿಯವರೆಗೆ ಬರೆದರೆ, ಅಷ್ಟು ನಿಖರವಾಗಿ ಗೊತ್ತಿದೆ ಅಂತ ಅರ್ಥ ಬರುತ್ತದೆ. ಕಲ್ಲು ಕೆತ್ತುವವರ ಕೊಟೇಶನ್ ಮುಂದಿನ ತಿಂಗಳು ಎರಡು ಲಕ್ಷ ಹೆಚ್ಚು ಕಮ್ಮಿ ಆಗುವಂಥದ್ದು, ಅದಕ್ಕೆ ಈ ಆರುನೂರು ಯಾಕೆ?

ನನ್ನ ಅಭಿಪ್ರಾಯ ಇಷ್ಟು: ಅಂದಾಜು ಪಟ್ಟಿ ಲಕ್ಷದಲ್ಲಿ, ಪಾಯಿಂಟ್ ನಂತರ ಎರಡು ಅಂಕಿ. ಖರ್ಚಿನ ಲೆಕ್ಕ ಪೂರ್ತಿ ರೂಪಾಯಿಯಲ್ಲಿ. ಕೋಟಿ ಬೇಕಾದರೆ ವಾಕ್ಯದಲ್ಲಿ ಮಾತ್ರ, ‘ಸುಮಾರು 1.44 ಕೋಟಿ ರೂಪಾಯಿ ವೆಚ್ಚದ ಯೋಜನೆ’ ಅಂತ ಮೇಲೆ ಒಂದು ಸಲ. ಅಂದಾಜು ಮತ್ತು ಖರ್ಚು ಎರಡನ್ನೂ ಪಕ್ಕ ಪಕ್ಕ ತೋರಿಸುವ ಪಟ್ಟಿಯಾದರೆ ಎರಡೂ ಕಾಲಂ ಒಂದೇ ಅಳತೆಯಲ್ಲಿರಬೇಕು, ಆಗ ನಾನು ಎರಡನ್ನೂ ಪೂರ್ತಿ ರೂಪಾಯಿಗೇ ತರುತ್ತೇನೆ.

ಕಂಪನಿಗಳಿಗೆ ಇದು ಕಾನೂನಿನಲ್ಲೇ ಇದೆ. 2013ರ ಕಂಪನಿ ಕಾಯ್ದೆಯ 3ನೇ ಅನುಸೂಚಿ, ಒಟ್ಟು ಆದಾಯ ನೂರು ಕೋಟಿಗಿಂತ ಕಡಿಮೆಯೋ ಜಾಸ್ತಿಯೋ ನೋಡಿಕೊಂಡು ಯಾವ ಅಳತೆಗೆ ರೌಂಡ್ ಮಾಡಬೇಕು ಅಂತ ಹೇಳುತ್ತದೆ. ನೂರು ಕೋಟಿಗಿಂತ ಕಡಿಮೆಯವರಿಗೆ ಕೋಟಿಯ ಅಳತೆ ಆ ಪಟ್ಟಿಯಲ್ಲೇ ಇಲ್ಲ. ಒಮ್ಮೆ ಒಂದು ಅಳತೆ ಹಿಡಿದರೆ ಇಡೀ ಲೆಕ್ಕಪತ್ರದಲ್ಲಿ ಅದನ್ನೇ ಬಳಸಬೇಕು ಅಂತಲೂ ಹೇಳುತ್ತದೆ. ಊರ ಸಮಿತಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ, ಆದರೆ ಎರಡೂ ಮಾತು ನಮಗೂ ಹೊಂದುತ್ತವೆ.

ಒಟ್ಟು ಯಾಕೆ ತಾಳೆಯಾಗುವುದಿಲ್ಲ

ಮೇಲಿನ ಪಟ್ಟಿಯ ಲಕ್ಷದ ಕಾಲಂ ಅನ್ನು ಕೈಯಲ್ಲಿ ಕೂಡಿಸಿ. 143.68 ಬರುತ್ತದೆ. ಪಟ್ಟಿಯಲ್ಲಿ 143.69 ಇದೆ. ಕೋಟಿಯ ಕಾಲಂ ಕೂಡಿಸಿದರೆ 1.43 ಬರುತ್ತದೆ, ಪಟ್ಟಿಯಲ್ಲಿ 1.44. ಎರಡೂ ಕಡೆ ವ್ಯತ್ಯಾಸ ಬರೇ 0.01. ಆದರೆ ಲಕ್ಷದಲ್ಲಿ ಅದು ಸಾವಿರ ರೂಪಾಯಿ, ಕೋಟಿಯಲ್ಲಿ ಒಂದು ಲಕ್ಷ!

ಯಾರೂ ತಪ್ಪು ಕೂಡಿಸಿಲ್ಲ. ಎಕ್ಸೆಲ್ ಒಳಗಡೆ ಪೂರ್ತಿ ರೂಪಾಯಿಯನ್ನೇ ಇಟ್ಟುಕೊಂಡು ಕೂಡಿಸುತ್ತದೆ, ತೋರಿಸುವಾಗ ಮಾತ್ರ ಎರಡು ಅಂಕಿಗೆ ಇಳಿಸುತ್ತದೆ. ಪ್ರತಿ ಸಾಲನ್ನೂ ಬೇರೆ ಬೇರೆಯಾಗಿ ರೌಂಡ್ ಮಾಡಿದ್ದರಿಂದ ಅಲ್ಲಲ್ಲಿ ನಾನೂರು ರೂಪಾಯಿ ಬಿಟ್ಟುಹೋಗಿ, ಒಟ್ಟಿನಲ್ಲಿ ಅವು ಒಟ್ಟಿಗೆ ಕಾಣಿಸಿಕೊಂಡವು. ಇದು ಸಭೆಯಲ್ಲಿ ವಿವರಿಸಲು ಕಷ್ಟದ ಸಂಗತಿ ಮಾರಾಯ್ರೆ. ‘ಕಂಪ್ಯೂಟರ್ ಹಾಗೆ ಮಾಡಿದೆ’ ಅಂದರೆ ಯಾರಾದರೂ ಒಪ್ಪುತ್ತಾರಾ?

ಸರಿಪಡಿಸಲು ಜನ ಮೂರು ದಾರಿ ಹಿಡಿಯುತ್ತಾರೆ. ಮೊದಲನೆಯದು ಪಟ್ಟಿಯ ಕೆಳಗೆ ‘ಅಂಕಿಗಳನ್ನು ರೌಂಡ್ ಮಾಡಿರುವುದರಿಂದ ಒಟ್ಟಿನಲ್ಲಿ ಸಣ್ಣ ವ್ಯತ್ಯಾಸ ಇರಬಹುದು’ ಅಂತ ಒಂದು ಸಾಲು ಹಾಕುವುದು. ಇದು ಪ್ರಾಮಾಣಿಕ ದಾರಿ. ದೊಡ್ಡ ಲೆಕ್ಕಪತ್ರಗಳಲ್ಲಿ ಇದೇ ನಡೆಯುತ್ತದೆ, ಖರ್ಚಾದ ಹಣದ ಲೆಕ್ಕವನ್ನು ಲಕ್ಷದಲ್ಲಿ ತೋರಿಸಲೇಬೇಕಾದಾಗ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಎರಡನೆಯದು ಅತಿ ದೊಡ್ಡ ಸಾಲಿಗೆ 0.01 ಸೇರಿಸಿ, ಅಂದರೆ 68.48 ಅನ್ನು 68.49 ಮಾಡಿ, ಮೊತ್ತ ಕೂಡಿಬರುವ ಹಾಗೆ ಮಾಡುವುದು. ನನಗೆ ಇದು ಇಷ್ಟವಿಲ್ಲ. ನಾಳೆ ಯಾರಾದರೂ ಮೂಲ ಕೊಟೇಶನ್ ತೆಗೆದು ನೋಡಿದರೆ ಆ ಒಂದು ಸಾವಿರಕ್ಕೆ ಉತ್ತರ ಇರುವುದಿಲ್ಲ.

ಮೂರನೆಯದು ಅಂದಾಜು ಪಟ್ಟಿಗೆ ಹೇಳಿ ಮಾಡಿಸಿದ್ದು. ಅಂದಾಜನ್ನೇ ಮೊದಲು ಸಾವಿರಕ್ಕೆ ರೌಂಡ್ ಮಾಡಿ, ಆಮೇಲೆ ಕೂಡಿಸಿ. 68,48,000, 41,33,000, 29,65,000, 3,74,000, 48,000. ಒಟ್ಟು 1,43,68,000. ಲಕ್ಷದಲ್ಲಿ 143.68, ಮೇಲಿಂದ ಕೂಡಿಸಿದರೂ 143.68. ಮೂಲದ ಮೊತ್ತಕ್ಕೂ ಇದಕ್ಕೂ ಆರುನೂರು ರೂಪಾಯಿ ವ್ಯತ್ಯಾಸ, ಅದೂ ಒಂದೂವರೆ ಕೋಟಿ ಹತ್ತಿರದ ಅಂದಾಜಿನಲ್ಲಿ. ಲಕ್ಷದ ಎರಡು ಅಂಕಿ ಅಂದರೆ ಸಾವಿರ ಅಂತ ಮೇಲೆ ಹೇಳಿದೆನಲ್ಲ, ಅದಕ್ಕೇ ಇಲ್ಲಿ ಏನೂ ಬಿಟ್ಟುಹೋಗುವುದಿಲ್ಲ. ಶೀಟಿನಲ್ಲಿ ಪ್ರತಿ ಸಾಲಿಗೆ ಇದನ್ನು ಹಾಕಿ, ಕೆಳಗೆ ಆ ಕಾಲಂ ಅನ್ನೇ ಕೂಡಿಸಿದರಾಯಿತು:

```
=ROUND(B2/100000,2)
```

ಇಲ್ಲಿ ಒಂದು ಎಚ್ಚರಿಕೆ. ರೌಂಡ್ ಮಾಡುವುದು ಒಂದೇ ಸಲ, ಮೂಲದ ಮೊತ್ತದಿಂದಲೇ. ಒಬ್ಬರು 3,44,600 ಅನ್ನು 3.45 ಲಕ್ಷ ಅಂತ ಬರೆದು ಕಳಿಸುತ್ತಾರೆ, ಇನ್ನೊಬ್ಬರು ಅದನ್ನು ನೋಡಿ 3.5 ಲಕ್ಷ ಅಂತ ಬರೆಯುತ್ತಾರೆ. ಮೂಲದಿಂದ ನೇರ ಒಂದು ಅಂಕಿಗೆ ಇಳಿಸಿದ್ದರೆ 3.4 ಆಗಬೇಕಿತ್ತು. ಹಾಗೆಯೇ ಖರ್ಚನ್ನು ಮೇಲಕ್ಕೆ, ಬರುವ ದೇಣಿಗೆಯನ್ನು ಕೆಳಕ್ಕೆ ರೌಂಡ್ ಮಾಡುವ ಅಭ್ಯಾಸ ಕೆಲವರಿಗಿದೆ, ‘ಸೇಫ್ ಇರಲಿ’ ಅಂತ. ಸೇಫ್ ಇರಬೇಕಾದರೆ ‘ಆಕಸ್ಮಿಕ ಖರ್ಚು’ ಅಂತ ಬೇರೆ ಒಂದು ಸಾಲು ಹಾಕಿ, ಎಷ್ಟು ಅಂತ ಬರೆಯಿರಿ. ರೌಂಡ್ ಮಾಡುವಲ್ಲಿ ಅದನ್ನು ಅಡಗಿಸಬೇಡಿ.

1.5 ಕೋಟಿಯೋ, 1.05 ಕೋಟಿಯೋ

ಲಕ್ಷ ಅಥವಾ ಕೋಟಿ ಆರಿಸಿಕೊಂಡವರಿಗೆ ಇರುವ ದೊಡ್ಡ ಅಪಾಯ ಇದು. ಸಭೆಯಲ್ಲಿ ಎಂಜಿನಿಯರ್ ‘ಒಂದು ಕೋಟಿ ಐದು ಲಕ್ಷ’ ಅನ್ನುತ್ತಾರೆ, ಬರೆದುಕೊಳ್ಳುವವರು 1.5 ಕೋಟಿ ಅಂತ ಬರೆಯುತ್ತಾರೆ. ಅದು ಒಂದೂವರೆ ಕೋಟಿ. ನಲವತ್ತೈದು ಲಕ್ಷ ಹೆಚ್ಚಾಯಿತು. ‘ಮೂರು ಲಕ್ಷ ಏಳು ಸಾವಿರ’ 3.7 ಆಗುವುದೂ ಹೀಗೇ, ಸರಿಯಾದದ್ದು 3.07. ಬಾಯಲ್ಲಿ ಹೇಳುವಾಗ ಐದು, ಏಳು ಅಂತ ಒಂದೇ ಅಂಕಿ ಕೇಳಿಸುತ್ತದೆ, ಬರೆಯುವಾಗ ಅದಕ್ಕೆ ಎರಡು ಜಾಗ ಇದೆ ಅನ್ನುವುದು ಮರೆತುಹೋಗುತ್ತದೆ.

ಎಲ್ಲ ಸಾಲುಗಳಲ್ಲೂ ಪಾಯಿಂಟ್ ನಂತರ ಎರಡು ಅಂಕಿ ಇರಲೇಬೇಕು ಅನ್ನುವುದು ಅದಕ್ಕೇ. ಹನ್ನೆರಡೂವರೆ ಲಕ್ಷ ಅಂದರೆ 12.50, ಬರೇ 12.5 ಅಲ್ಲ. ಮೂವತ್ತು ಲಕ್ಷ ಅಂದರೆ 30.00. ಹೀಗೆ ಬರೆಯುವ ಪಟ್ಟಿಯಲ್ಲಿ ಎಲ್ಲಾದರೂ 3.7 ಅಂತ ಒಂಟಿ ಅಂಕಿ ಕಂಡರೆ ಅದು ಅನುಮಾನದ ಸಾಲು, ಹೋಗಿ ಕೇಳಿ ಬನ್ನಿ. ಪಾಯಿಂಟುಗಳೂ ಒಂದರ ಕೆಳಗೊಂದು ನಿಲ್ಲುತ್ತವೆ.

ಕಾಮಾ ಎಲ್ಲಿ

ಪೂರ್ತಿ ರೂಪಾಯಿ ಆರಿಸಿಕೊಂಡರೆ ಪಾಯಿಂಟಿನ ತಲೆನೋವು ಇಲ್ಲ, ಬದಲಿಗೆ ಕಾಮಾದ ತಲೆನೋವು. ನಮ್ಮ ಕ್ರಮ ಎಲ್ಲರಿಗೂ ಗೊತ್ತು, ಬಲದಿಂದ ಮೂರು ಅಂಕಿ ಬಿಟ್ಟು ಒಂದು ಕಾಮಾ, ಆಮೇಲೆ ಎರಡೆರಡಕ್ಕೆ ಒಂದೊಂದು. 1,43,68,600. ಆದರೆ ಎಷ್ಟೋ ಕಂಪ್ಯೂಟರುಗಳಲ್ಲಿ ಎಕ್ಸೆಲ್ ಅದನ್ನೇ 14,368,600 ಅಂತ ತೋರಿಸುತ್ತದೆ. ಅದು ಮಿಲಿಯನ್ ಲೆಕ್ಕ. ಇದರಲ್ಲಿ ಮೋಸ ಏನೆಂದರೆ, 99,999ರವರೆಗೆ ಎರಡೂ ಕ್ರಮಗಳಲ್ಲಿ ಕಾಮಾ ಒಂದೇ ಕಡೆ ಬರುತ್ತದೆ. ಚಿಕ್ಕ ಮೊತ್ತ ಹಾಕಿ ನೋಡಿ ‘ಸರಿ ಇದೆ’ ಅಂತ ಬಿಟ್ಟರೆ, ಲಕ್ಷ ದಾಟಿದ ಸಾಲಿನಲ್ಲಿ ಕೆಟ್ಟಿರುತ್ತದೆ. ಪರೀಕ್ಷೆ ಮಾಡುವುದಾದರೆ ಕೋಟಿಯ ಮೊತ್ತ ಹಾಕಿಯೇ ಮಾಡಿ. ಗುರುತು ಸುಲಭ: ಕೊನೆಯ ಗುಂಪು ಬಿಟ್ಟರೆ ಬೇರೆ ಯಾವ ಗುಂಪಿನಲ್ಲೂ ಮೂರು ಅಂಕಿ ಇರಬಾರದು.

ಗಲ್ಫಿನಲ್ಲಿ ಇರುವ ನಮ್ಮವರಿಗೆ 14,368,600 ಓದಿ ಅಭ್ಯಾಸ, ಅಲ್ಲಿನ ಬ್ಯಾಂಕು, ಆಫೀಸು ಎಲ್ಲ ಹಾಗೇ. ಅವರಿಂದ ಬಂದ ಶೀಟನ್ನು ಹಾಗೇ ಅಂಟಿಸಿದರೆ ಒಂದೇ ಪಟ್ಟಿಯಲ್ಲಿ ಎರಡೂ ಕ್ರಮ ಬಂದು ಕೂರುತ್ತವೆ. ಅವರಿಗಾಗಿ ಪಟ್ಟಿ ಬದಲಾಯಿಸುವುದು ಬೇಡ. ‘10 ಲಕ್ಷ = 1 ಮಿಲಿಯನ್, 1 ಕೋಟಿ = 10 ಮಿಲಿಯನ್’ ಅಂತ ಅಡಿಯಲ್ಲಿ ಒಂದು ಸಾಲು ಸಾಕು.

ಎಕ್ಸೆಲ್ ಸರಿಮಾಡಲು ಎರಡು ದಾರಿ ಇವೆ. ವಿಂಡೋಸಿನ `Region` ಸೆಟ್ಟಿಂಗಿಗೆ ಹೋಗಿ `Additional settings` ಒಳಗೆ `Digit grouping` ಅನ್ನು `12,34,56,789` ಮಾಡಿದರೆ ಆ ಕಂಪ್ಯೂಟರಿನಲ್ಲಿ ಎಲ್ಲ ಶೀಟುಗಳೂ ಸರಿಯಾಗುತ್ತವೆ. ಆದರೆ ಅದು ಆ ಕಂಪ್ಯೂಟರಿಗೆ ಮಾತ್ರ. ಪ್ರೆಸ್ಸಿನವರು ಅದೇ ಫೈಲನ್ನು ಅವರ ಕಂಪ್ಯೂಟರಿನಲ್ಲಿ ತೆರೆದರೆ ಮತ್ತೆ ಮಿಲಿಯನ್ ಆಗಬಹುದು, ಅದಕ್ಕೆ ಪಿಡಿಎಫ್ ಮಾಡಿಯೇ ಕೊಡಿ. ಎರಡನೆಯ ದಾರಿ ಸೆಲ್ಲಿಗೇ ಫಾರ್ಮ್ಯಾಟ್ ಹಾಕುವುದು, `Format Cells` ಒಳಗೆ `Custom` ಅಂತ ಇರುವಲ್ಲಿ:

```
[>=10000000]##\,##\,##\,##0;[>=100000]##\,##\,##0;##,##0
```

ಇದು ಫೈಲಿನ ಜೊತೆಗೇ ಹೋಗುತ್ತದೆ. ಇದರ ಮಿತಿ ಒಂದಿದೆ: ಮೈನಸ್ ಮೊತ್ತ ಬಂದರೆ ಅದು ಮೂರನೆಯ ಭಾಗಕ್ಕೆ ಬೀಳುತ್ತದೆ, ಅಂದರೆ ಇಪ್ಪತ್ತೈದು ಲಕ್ಷದ ಕೊರತೆ -2,500,000 ಅಂತ ಕಾಣುತ್ತದೆ. ‘ಕೊರತೆ’ ಅಂತ ಸಾಲಿಗೇ ಹೆಸರಿಟ್ಟು ಮೊತ್ತವನ್ನು ಮೈನಸ್ ಇಲ್ಲದೆ ಹಾಕಿದರೆ ಈ ಗೋಳು ಇಲ್ಲ, ಓದುವವರಿಗೂ ಅದೇ ಸ್ಪಷ್ಟ.

ಅಳತೆ ಎಲ್ಲಿ ಬರೆಯಬೇಕು

ಪಟ್ಟಿಯ ತಲೆಬರಹದಲ್ಲಿ ‘(₹ ಲಕ್ಷಗಳಲ್ಲಿ)’ ಅಂತ ಬರೆಯುವುದು ರೂಢಿ. ಅದು ಸಾಲದು ಅನ್ನುತ್ತೇನೆ. ವಾಟ್ಸಾಪಿನಲ್ಲಿ ಯಾರೋ ಪಟ್ಟಿಯ ಅರ್ಧವನ್ನು ಮಾತ್ರ ಸ್ಕ್ರೀನ್‌ಶಾಟ್ ತೆಗೆದು ಹಾಕುತ್ತಾರೆ, ತಲೆಬರಹ ಅಲ್ಲೇ ಉಳಿಯುತ್ತದೆ, ‘143.68’ ಮಾತ್ರ ಊರೂರು ತಿರುಗುತ್ತದೆ. ಕಾಲಂನ ತಲೆಯಲ್ಲೇ ‘ಅಂದಾಜು (₹ ಲಕ್ಷ)’ ಅಂತ ಬರೆಯಿರಿ, ಪುಟ ಎರಡಾದರೆ ಎರಡರಲ್ಲೂ. ಇಡೀ ಪಟ್ಟಿಗೆ ‘ಲಕ್ಷಗಳಲ್ಲಿ’ ಅಂತ ಹಾಕಿ, ಒಳಗೆ ಸೇವಾಕರ್ತರ ಸಂಖ್ಯೆ 250 ಅಂತ ಒಂದು ಕಾಲಂ ಇಟ್ಟರೆ ಅದೂ 250 ಲಕ್ಷ ಜನ ಆಯಿತಲ್ವಾ. ಕಾಲಂಗೊಂದು ಅಳತೆ ಬರೆದರೆ ಈ ತಮಾಷೆ ತಪ್ಪುತ್ತದೆ.

ಸೆಲ್ಲಿನ ಒಳಗೆ ಮಾತ್ರ ಅಳತೆ ಬರೆಯಬೇಡಿ. ‘3.74 ಲಕ್ಷ’ ಅಂತ ಟೈಪ್ ಮಾಡಿದರೆ, ಅಥವಾ ರಶೀದಿಯಲ್ಲಿ ಬರೆಯುವ ಹಾಗೆ ‘48,400/-’ ಅಂತ ಹಾಕಿದರೆ, ಎಕ್ಸೆಲ್‌ಗೆ ಅದು ಅಂಕಿಯಲ್ಲ, ಅಕ್ಷರ. `SUM` ಅಂಥ ಸೆಲ್ಲುಗಳನ್ನು ಸದ್ದಿಲ್ಲದೆ ಬಿಟ್ಟು ಉಳಿದದ್ದನ್ನು ಕೂಡಿಸುತ್ತದೆ, ಒಂದು ಮಾತೂ ಹೇಳುವುದಿಲ್ಲ. ನಮ್ಮ ಪಟ್ಟಿಯಲ್ಲಿ ಬಾವಿಯ ಸಾಲಿಗೆ ಹೀಗಾದರೆ ಒಟ್ಟು 143.68ರ ಬದಲು 139.94 ಬರುತ್ತದೆ. ನೋಡಲು ಏನೂ ವಿಚಿತ್ರ ಇಲ್ಲದ ಮೊತ್ತ, ಅದೇ ಅಪಾಯ. ಪತ್ತೆ ಹಚ್ಚಲು ಸೆಲ್ಲುಗಳಿಗೆ ನೀವಾಗಿ ಎಡ ಬಲ ಅಂತ ಜೋಡಣೆ ಕೊಟ್ಟಿದ್ದರೆ ತೆಗೆದು ನೋಡಿ. ಅಂಕಿಗಳು ಬಲಕ್ಕೆ ಒರಗುತ್ತವೆ, ಅಕ್ಷರವಾದದ್ದು ಎಡಕ್ಕೆ ಒರಗಿ ನಿಂತಿರುತ್ತದೆ. ‘/-’ ರಶೀದಿಗೆ, ಚೆಕ್ಕಿಗೆ ಒಳ್ಳೆಯದು, ಪಕ್ಕದಲ್ಲಿ ಇನ್ನೊಂದು ಅಂಕಿ ಸೇರಿಸದ ಹಾಗೆ ತಡೆಯುತ್ತದೆ. ಪಟ್ಟಿಯಲ್ಲಿ ಅದಕ್ಕೆ ಕೆಲಸ ಇಲ್ಲ.

ಖರ್ಚೇ ಇಲ್ಲದ ಸಾಲಿಗೆ ಅಡ್ಡಗೆರೆ ಹಾಕಿ, 0.00 ಬೇಡ. ಇನ್ನೂ ಅಂದಾಜು ಆಗದ ಸಾಲಿಗೆ ‘ನಿರ್ಧಾರವಾಗಿಲ್ಲ’ ಅಂತ ಬರೆಯಿರಿ. ಖಾಲಿ ಬಿಟ್ಟರೆ ಎರಡರಲ್ಲಿ ಯಾವುದು ಅಂತ ಓದುವವರಿಗೆ ಗೊತ್ತಾಗುವುದಿಲ್ಲ.

ಕನ್ನಡ ಅಂಕಿಗಳ ಮಾತು ಕೆಲವರು ತೆಗೆಯುತ್ತಾರೆ. ೧,೪೩,೬೮,೦೦೦ ನೋಡಲು ಚಂದ, ಆಮಂತ್ರಣದ ಮುಖಪುಟಕ್ಕೆ ಖಂಡಿತ ಹಾಕಬಹುದು. ಬಜೆಟ್ ಪಟ್ಟಿಗೆ ನಾನು 1, 2, 3 ಅನ್ನೇ ಬಳಸುತ್ತೇನೆ. ನಮ್ಮಲ್ಲಿ ಮನವಿ ಪತ್ರ ಕನ್ನಡದಲ್ಲೂ ಮಲಯಾಳದಲ್ಲೂ ಅಚ್ಚಾಗುತ್ತದೆ, ಲಕ್ಷ, ಕೋಟಿ ಎರಡೂ ಭಾಷೆಯಲ್ಲಿ ಅದೇ, ಕಾಮಾ ಕ್ರಮವೂ ಅದೇ. ಅಂಕಿಯ ಕಾಲಂ ಒಂದೇ ಇದ್ದರೆ ಎರಡೂ ಕಡೆ ಅದನ್ನೇ ನಕಲು ಮಾಡಿ ಅಂಟಿಸಬಹುದು, ಸಾಲಿನ ಹೆಸರುಗಳನ್ನು ಮಾತ್ರ ಬದಲಾಯಿಸಿದರೆ ಮುಗಿಯಿತು. ಅಂಕಿಗಳನ್ನು ಮತ್ತೊಮ್ಮೆ ಟೈಪ್ ಮಾಡಲು ಪ್ರೆಸ್ಸಿನವರಿಗೆ ಬಿಡಬೇಡಿ, ಮತ್ತು ಪ್ರೂಫ್ ಬಂದಾಗ ಎರಡೂ ಪಟ್ಟಿಗಳ ಒಟ್ಟನ್ನು ಕಾಗದದ ಮೇಲಿನ ಸಾಲುಗಳಿಂದಲೇ ಕ್ಯಾಲ್ಕುಲೇಟರ್ ಹಿಡಿದು ಒಮ್ಮೆ ಕೂಡಿಸಿ ನೋಡಿ, ಆಮೇಲೆ ಸಹಿ ಹಾಕಿ.